ಇಲ್ಲದ ಎರಡು ದೀಪಗಳ ನಡುವಿನ ದೂರ

ಪದವಿ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬೈಪ್ರಿಸಂ ಎಂಬ ಗಾಜಿನ ತುಂಡೊಂದು ಇರುತ್ತದೆ. ಹೆಸರು ಕೇಳಿ ಕಾಮನಬಿಲ್ಲು ಬೀರುವ ಮುಕ್ಕೋನದ ಪ್ರಿಸಂ ಕಾಣುತ್ತದೆಂದು ಕಾದವರಿಗೆ ನಿರಾಸೆಯೇ ಸರಿ. ನೋಡಲು ಅದು ಕಿಟಕಿಯ ಗಾಜಿನ ಚೂರಿನ ಹಾಗೆ ಸಪಾಟಾಗಿರುತ್ತದೆ. ಒಂದು ಮುಖ ನಿಜಕ್ಕೂ ಸಪಾಟು. ಇನ್ನೊಂದು ಮುಖದ ನಟ್ಟನಡುವೆ, ತೀರಾ ತಗ್ಗಾದ ಮಾಡಿನ ಮೋಪಿನಂತೆ, ಒಂದು ಏಣು ಹಾದುಹೋಗಿರುತ್ತದೆ. ಏಣಿನ ಎರಡೂ ಕಡೆಯ ಇಳಿಜಾರು ಅರ್ಧ ಡಿಗ್ರಿಯ ಆಸುಪಾಸು ಅಷ್ಟೇ; ಹಾಗಾಗಿ ಏಣಿನ ಕೋನ ಸುಮಾರು 179 ಡಿಗ್ರಿ. ಬೆರಳಿನಿಂದ ಸವರಿದರೆ ಗೊತ್ತಾಗುವುದಿಲ್ಲ. ಆದರೆ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಏಣು ಕಣ್ಣಿನ ಪಾಪೆಯ ನಡುವೆ ಬರುವಂತೆ ಮಾಡಿ, ದೂರದ ಬೀದಿದೀಪವನ್ನು ನೋಡಿದರೆ ಒಂದು ದೀಪ ಎರಡಾಗುತ್ತದೆ. ಎರಡರ ನಡುವಿನ ಅಂತರ ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನ ಅಗಲದಷ್ಟು.

ಆ ಎರಡೂ ದೀಪಗಳು ಅಲ್ಲಿಲ್ಲ. ಪಾತ್ರೆಯ ತಳದ ನಾಣ್ಯ ನೀರು ಹೊಯ್ದಾಗ ಮೇಲೆದ್ದಂತೆ ಕಾಣುತ್ತದಲ್ಲ, ಹಾಗೆಯೇ ಇದೂ. ಗಾಜಿನ ಒಂದು ಇಳಿಜಾರು ಬೆಳಕನ್ನು ತುಸು ಎಡಕ್ಕೆ ಬಾಗಿಸುತ್ತದೆ, ಇನ್ನೊಂದು ತುಸು ಬಲಕ್ಕೆ. ಬಾಗಿ ಬಂದ ಕಿರಣಗಳನ್ನು ಹಿಂದಕ್ಕೆ ನೇರವಾಗಿ ಎಳೆದರೆ ಅವು ಎರಡು ಬೇರೆ ಬೇರೆ ಬಿಂದುಗಳಿಂದ ಹೊರಟಂತೆ ತೋರುತ್ತವೆ. ಇವಕ್ಕೆ ಮಿಥ್ಯಾ ಆಕರಗಳೆಂದು ಹೆಸರು. ಇಲ್ಲದ ಈ ಎರಡು ದೀಪಗಳು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬೆಳಕಿನ ಬಗೆಗಿನ ಒಂದು ದೊಡ್ಡ ಜಗಳದಲ್ಲಿ ಸಾಕ್ಷಿ ನುಡಿಯಬೇಕಾಗಿ ಬಂತು. ಅವು ಯಾಕೆ ಬೇಕಾದವು ಎಂಬುದು ತಿಳಿಯದಿದ್ದರೆ ಇವತ್ತಿನ ಪ್ರಯೋಗ ಬರೀ ಸೂತ್ರಕ್ಕೆ ಅಂಕಿ ತುಂಬುವ ಕೆಲಸವಾಗಿ ಉಳಿಯುತ್ತದೆ.

ಜಗಳ ಹಳೆಯದು. ಬೆಳಕು ಕಣಗಳ ಹರಿವು ಎಂಬ ಪಕ್ಷಕ್ಕೆ ನ್ಯೂಟನ್ನನ ಹೆಸರಿನ ಬಲವಿತ್ತು. ಲಂಡನ್ನಿನ ವೈದ್ಯ ಥಾಮಸ್ ಯಂಗ್ ಅಲೆಯ ಪಕ್ಷ ಹಿಡಿದ. 1803ರ ನವೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ವಿವರಿಸಿದ ಪ್ರಯೋಗ ತೀರಾ ಸರಳ. ಕತ್ತಲೆ ಕೋಣೆಯೊಳಗೆ ಸೂಜಿ ರಂಧ್ರದಿಂದ ಬಿಸಿಲಿನ ಒಂದು ಎಳೆಯನ್ನು ಬಿಟ್ಟುಕೊಂಡು, ಇಂಚಿನ ಮೂವತ್ತರಲ್ಲೊಂದು ಭಾಗದಷ್ಟು ಅಗಲದ ಕಾಗದದ ಪಟ್ಟಿಯನ್ನು ಅದಕ್ಕೆ ಅಡ್ಡ ಹಿಡಿದ. ಪಟ್ಟಿಯ ನೆರಳಿನ ಒಳಗೇ ಬೆಳಕು–ಕತ್ತಲೆಯ ಗೆರೆಗಳು ಕಂಡವು. ಪಟ್ಟಿಯ ಒಂದು ಬದಿಯಿಂದ ಬರುವ ಬೆಳಕನ್ನು ತಡೆದರೆ ಆ ಗೆರೆಗಳು ಮಾಯ. ಎರಡೂ ಬದಿಯ ಬೆಳಕು ಸೇರಿದಾಗ ಮಾತ್ರ ಗೆರೆ ಮೂಡುತ್ತದೆ. ಆದ್ದರಿಂದ ಬೆಳಕಿಗೆ ಬೆಳಕು ಸೇರಿ ಕತ್ತಲೆಯಾಗುವುದುಂಟು, ಇದು ಅಲೆಗಳಿಗಷ್ಟೇ ಸಾಧ್ಯ ಎಂದು ಯಂಗ್ ವಾದಿಸಿದ. ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಹೆನ್ರಿ ಬ್ರೂಮ್ ಅವನನ್ನು ಹೀಯಾಳಿಸಿ ಬರೆದ. ಯಂಗ್ ಕೊಟ್ಟ ಉತ್ತರದ ಕಿರುಹೊತ್ತಗೆಯ ಒಂದೇ ಒಂದು ಪ್ರತಿ ಮಾರಾಟವಾಯಿತಂತೆ. ಹಾಗೆಂದು ಹೇಳಿಕೊಂಡವನು ಅವನೇ.

ಹೀಯಾಳಿಕೆ ಒತ್ತಟ್ಟಿಗಿರಲಿ, ಎದುರು ಪಕ್ಷದವರ ಬಳಿ ಒಂದು ಗಟ್ಟಿ ಆಕ್ಷೇಪವೂ ಇತ್ತು. ಯಂಗ್ ತೋರಿಸಿದ ಗೆರೆಗಳೆಲ್ಲ ಯಾವುದೋ ಒಂದು ಅಂಚನ್ನು ಒರೆಸಿಕೊಂಡು ಹೋದ ಬೆಳಕಿನವು. ಕಾಗದದ ಅಂಚು, ರಂಧ್ರದ ಅಂಚು, ಸೀಳಿನ ಅಂಚು. ವಸ್ತುಗಳು ತಮ್ಮ ಹತ್ತಿರ ಹಾಯುವ ಬೆಳಕಿನ ಮೇಲೆ ದೂರದಿಂದಲೇ ಬಲ ಬೀರಿ ಅದನ್ನು ಬಾಗಿಸುತ್ತವೆಯೆ ಎಂಬ ಪ್ರಶ್ನೆಯನ್ನು ಸ್ವತಃ ನ್ಯೂಟನ್ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಎತ್ತಿದ್ದ. ಹಾಗಿದ್ದ ಮೇಲೆ ಆ ಗೆರೆಗಳು ಅಂಚುಗಳ ಸೆಳೆತ, ನೂಕಾಟಗಳ ಫಲವೇ ಇರಬಹುದಲ್ಲ? ಈ ಆಕ್ಷೇಪವನ್ನು ಮೊಂಡುವಾದ ಎಂದು ತಳ್ಳಿಹಾಕುವುದು ಇವತ್ತು ಸುಲಭ, ಆದರೆ ನ್ಯಾಯವಲ್ಲ. ಅದನ್ನು ಕಳೆಯಲು ಅಂಚಿನ ಹಂಗಿಲ್ಲದೆ ಎರಡು ಬೆಳಕುಗಳನ್ನು ಕೂಡಿಸಿ ತೋರಿಸಲೇಬೇಕಿತ್ತು.

ಆ ಕೆಲಸ ಮಾಡಿದವನು ಪ್ರೊಫೆಸರನಲ್ಲ, ರಸ್ತೆ–ಸೇತುವೆಗಳ ಇಲಾಖೆಯ ಎಂಜಿನಿಯರ್. ಆಗಸ್ಟಿನ್ ಫ್ರೆನೆಲ್ ಹುಟ್ಟಿದ್ದು 1788ರಲ್ಲಿ, ನಾರ್ಮಂಡಿಯ ಬ್ರೋಲಿ ಎಂಬಲ್ಲಿ. 1815ರಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ಮರಳಿ ಬಂದಾಗ ಫ್ರೆನೆಲ್ ರಾಜನ ಪಕ್ಷ ಸೇರಿದ. ಅದರ ಫಲವಾಗಿ ಕೆಲಸ ಹೋಯಿತು, ಪೊಲೀಸರ ನಿಗಾ ಬಿತ್ತು. ಕಾಂ ಪಟ್ಟಣದ ಹತ್ತಿರದ ಮಾಥಿಯು ಎಂಬ ಹಳ್ಳಿಯಲ್ಲಿದ್ದ ತಾಯಿಯ ಮನೆಗೆ ಬಂದು ಕುಳಿತವನಿಗೆ ಪುರುಸೊತ್ತೇ ಪುರುಸೊತ್ತು. ಉಪಕರಣಗಳಿಲ್ಲ. ಊರಿನ ಬೀಗ ಮಾಡುವವನಿಂದ ಕೆಲವು ಆಧಾರಗಳನ್ನು ಮಾಡಿಸಿಕೊಂಡ. ದಾರ ಮತ್ತು ರಟ್ಟಿನಿಂದ ಸೂಕ್ಷ್ಮ ಅಳತೆಯ ಸಾಧನವೊಂದನ್ನು ತಾನೇ ಕಟ್ಟಿಕೊಂಡ. ಬಿಸಿಲನ್ನು ಒಂದು ಬಿಂದುವಿಗೆ ಕೂಡಿಸಲು ತೀರಾ ಚಿಕ್ಕ ಮಸೂರ ಬೇಕಿತ್ತು. ತಾಮ್ರದ ತಗಡಿಗೆ ತೂತು ಹೊಡೆದು ಅದರಲ್ಲಿ ಒಂದು ಹನಿ ಜೇನುತುಪ್ಪ ಕೂರಿಸಿದ. ಜೇನಿನ ಉಬ್ಬೇ ಮಸೂರವಾಯಿತು.

ಯಂಗ್ ಇದನ್ನೆಲ್ಲ ಆಗಲೇ ಬರೆದಿದ್ದಾನೆಂಬುದು ಫ್ರೆನೆಲ್‌ನಿಗೆ ತಿಳಿದಿರಲಿಲ್ಲ. ಇಂಗ್ಲಿಷ್ ಬರುತ್ತಿರಲಿಲ್ಲ. ಪ್ಯಾರಿಸ್ಸಿನ ಅರಾಗೋ ಹೇಳಿದ ಮೇಲೆ ಗೊತ್ತಾಯಿತು. ಮೊದಲಿಗನ ಪಟ್ಟವನ್ನು ಫ್ರೆನೆಲ್ ಯಂಗ್‌ನಿಗೆ ಪತ್ರ ಬರೆದು ಒಪ್ಪಿಸಿದ. ಆದರೆ ಅಂಚಿನ ಆಕ್ಷೇಪಕ್ಕೆ ಉತ್ತರ ಕೊಡುವುದು ಅವನ ಪಾಲಿಗೆ ಉಳಿದಿತ್ತು. 1816ರಲ್ಲಿ ಅವನು ಎರಡು ಕನ್ನಡಿಗಳನ್ನು ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಬರುವಂತೆ, ನಡುವೆ ತೀರಾ ಸಣ್ಣ ಓರೆ ಉಳಿಸಿ ಜೋಡಿಸಿದ. ಒಂದು ಬೆಳಕಿನ ಬಿಂದು ಎರಡು ಕನ್ನಡಿಗಳಲ್ಲಿ ಎರಡು ಪ್ರತಿಬಿಂಬವಾಯಿತು. ಅವುಗಳಿಂದ ಹೊರಟಂತಿದ್ದ ಬೆಳಕು ಕೂಡಿದ ಕಡೆ ಯಂಗ್ ಕಂಡ ಗೆರೆಗಳು ಮೂಡಿದವು. ಗೆರೆಗಳನ್ನು ಮೂಡಿಸಿದ ಬೆಳಕಿನ ಬಹುಪಾಲು ಯಾವ ಅಂಚಿನ ಬಳಿಯೂ ಸುಳಿಯದೆ ಕನ್ನಡಿಯ ನುಣುಪು ಮೈಯಿಂದ ಮರಳಿ ಬಂದಿತ್ತು.

ಕನ್ನಡಿಗಳ ಈ ಜೋಡಣೆ ಮಹಾ ಕಿರಿಕಿರಿಯದು. ಒಂದು ಕನ್ನಡಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮುಂದೆ ಚಾಚಿದರೂ ಎರಡು ದಾರಿಗಳ ಉದ್ದ ಏರುಪೇರಾಗಿ ಗೆರೆಗಳು ಕೈಗೆ ಸಿಗುವುದಿಲ್ಲ. ಫ್ರೆನೆಲ್ ಕಂಡುಕೊಂಡ ಇನ್ನೊಂದು ದಾರಿಯೇ ಬೈಪ್ರಿಸಂ. ಒಂದೇ ಗಾಜಿನಲ್ಲಿ ಎರಡು ಇಳಿಜಾರುಗಳನ್ನು ಉಜ್ಜಿ ಮಾಡಿಬಿಟ್ಟರೆ ಓರೆಯನ್ನು ಮತ್ತೆ ಮತ್ತೆ ಹೊಂದಿಸುವ ತಾಪತ್ರಯವೇ ಇಲ್ಲ. ಕಷ್ಟವೆಲ್ಲ ಗಾಜು ಉಜ್ಜುವವನ ಪಾಲಿಗೆ ಹೋಯಿತು. ಇನ್ನೂರು ವರ್ಷಗಳ ನಂತರವೂ ವಿದ್ಯಾರ್ಥಿಗಳ ಕೈಗೆ ಕನ್ನಡಿಗಳಿಗಿಂತ ಹೆಚ್ಚಾಗಿ ಈ ಗಾಜು ಬರುತ್ತಿರುವುದು ಇದೇ ಕಾರಣಕ್ಕೆ ಎಂದು ನನ್ನ ಎಣಿಕೆ.

ಗೆರೆಗಳು ಯಾಕೆ ಮೂಡುತ್ತವೆ? ಎರಡೂ ಮಿಥ್ಯಾ ಆಕರಗಳು ಒಂದೇ ದೀಪದ ಎರಡು ತೋರಿಕೆಗಳು. ಹಾಗಾಗಿ ಅವುಗಳ ಅಲೆಗಳು ಒಂದೇ ತಾಳದಲ್ಲಿ ಏರಿಳಿಯುತ್ತವೆ. ಪರದೆಯ ನಟ್ಟನಡುವಿಗೆ ಎರಡರಿಂದಲೂ ಸಮ ದೂರ. ಅಲ್ಲಿ ಏರಿಗೆ ಏರು ಸೇರಿ ಬೆಳಕಾಗುತ್ತದೆ. ನಡುವಿನಿಂದ ತುಸು ಪಕ್ಕಕ್ಕೆ ಸರಿದರೆ ಒಂದು ಆಕರದಿಂದ ಬರುವ ದಾರಿ ಇನ್ನೊಂದಕ್ಕಿಂತ ಉದ್ದವಾಗುತ್ತದೆ. ವ್ಯತ್ಯಾಸ ಅಲೆಯ ಅರ್ಧದಷ್ಟಾದ ಕಡೆ ಏರಿಗೆ ಇಳಿತ ಸೇರಿ ಕತ್ತಲೆ. ಪೂರ್ತಿ ಒಂದು ಅಲೆಯಷ್ಟಾದ ಕಡೆ ಮತ್ತೆ ಬೆಳಕು. ಹೀಗೆ ಸಮ ಅಂತರದ ಗೆರೆಗಳು ಸಾಲಾಗಿ ನಿಲ್ಲುತ್ತವೆ. ಇವೇ ವ್ಯತಿಕರಣ ಪಟ್ಟಿಗಳು.

ಸಾದೃಶ್ಯ ತ್ರಿಕೋನಗಳ ಲೆಕ್ಕ ಗೊತ್ತಿದ್ದವರಿಗೆ ಮುಂದಿನದು ಸುಲಭ. ಪಟ್ಟಿಗಳ ಅಂತರವು ತರಂಗಾಂತರಕ್ಕಿಂತ ಎಷ್ಟು ಪಟ್ಟು ದೊಡ್ಡದೋ, ಆಕರಗಳಿಂದ ಪರದೆಗಿರುವ ದೂರವು ಆಕರಗಳ ನಡುವಿನ ಅಂತರಕ್ಕಿಂತ ಅಷ್ಟೇ ಪಟ್ಟು ದೊಡ್ಡದು. ಪಟ್ಟಿಗಳ ಅಂತರ β, ಪರದೆಯ ದೂರ D, ಆಕರಗಳ ಅಂತರ d ಎಂದಿಟ್ಟುಕೊಂಡರೆ

λ = β d / D

ಎಂಬುದೇ ಆ ಮಾತು. ಇದರಲ್ಲಿ ಪಟ್ಟಿಗಳ ಅಂತರ, ಪರದೆಯ ದೂರ ಎರಡೂ ಕಣ್ಣಿಗೆ ಕಾಣುವ ಅಳತೆಗಳು. ಪ್ರಯೋಗದ ಜೀವ ಇರುವುದು ಮೂರನೆಯದರಲ್ಲಿ: ಇಲ್ಲದ ಎರಡು ದೀಪಗಳ ನಡುವಿನ ದೂರವನ್ನು ಅಳೆಯುವುದರಲ್ಲಿ.

ಫ್ರೆನೆಲ್‌ನ ಕಾಲಕ್ಕೆ ಪಟ್ಟಿಗಳ ಅಂತರವನ್ನು ಅಳೆಯುವುದೂ ಸುಲಭವಿರಲಿಲ್ಲ. ಸಾಮಾನ್ಯ ದೀಪದ ಬೆಳಕನ್ನು ಕಿರಿದಾದ ರಂಧ್ರ ಅಥವಾ ಸೀಳಿನಿಂದ ಹಾಯಿಸದಿದ್ದರೆ, ದೀಪದ ಒಂದೊಂದು ಬಿಂದುವೂ ತನ್ನದೇ ಪಟ್ಟಿಗಳನ್ನು ಅಷ್ಟಷ್ಟು ಸರಿಸಿ ಬರೆದು ಎಲ್ಲ ಕಲಸಿಹೋಗುತ್ತದೆ. ಸೀಳು ಕಿರಿದು ಮಾಡಿದಷ್ಟೂ ಬೆಳಕು ಬಡವಾಗುತ್ತದೆ. ಆ ಬಡ ಬೆಳಕನ್ನು ದೂರದ ಗೋಡೆಗೆ ಎಸೆದರೆ ಏನೂ ಕಾಣದು. ಆದ್ದರಿಂದ ಹತ್ತಿರದಲ್ಲೇ ವರ್ಧಕ ಮಸೂರವಿಟ್ಟು, ಮಿಲಿಮೀಟರಿಗಿಂತ ಕಿರಿದಾದ ಪಟ್ಟಿಗಳನ್ನು ಅದರ ಮೂಲಕ ನೋಡಿ ಅಳೆಯಬೇಕಿತ್ತು. ನಮ್ಮ ಕಾಲೇಜುಗಳಲ್ಲಿ ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಮಾಡುವ ಬೈಪ್ರಿಸಂ ಪ್ರಯೋಗ ಇದೇ ವಂಶದ್ದು. ಸೀಳು ಏಣಿಗೆ ಸಮಾನಾಂತರವಾಗುವವರೆಗೂ ಪಟ್ಟಿಗಳು ಮಂಜಾಗಿಯೇ ಇರುತ್ತವೆ. ಆ ತಿರುಪನ್ನು ತಿರುಗಿಸುತ್ತಾ ಕೂತು ಅರ್ಧ ಮಧ್ಯಾಹ್ನ ಕಳೆದವರಿಗೆ ಅದರ ರುಚಿ ಗೊತ್ತು. ಇಷ್ಟೆಲ್ಲ ತೊಡಕಿನ ನಡುವೆಯೂ, ಪ್ಯಾರಿಸ್ಸಿನ ಅಕಾಡೆಮಿಯ ಬಹುಮಾನಕ್ಕೆಂದು 1818ರಲ್ಲಿ ಕೊಟ್ಟ ಪ್ರಬಂಧದಲ್ಲಿ ಫ್ರೆನೆಲ್ ತನ್ನ ಕೆಂಪು ಬೆಳಕಿಗೆ ಬಳಸಿದ ತರಂಗಾಂತರ 0.000638 ಮಿ.ಮೀ., ಅಂದರೆ 638 ನ್ಯಾನೋಮೀಟರ್. ಬಹುಮಾನ ಮರುವರ್ಷ ಅವನಿಗೇ ಸಂದಿತು.

ಈ ಅಂಕಿಯನ್ನು ಸ್ವಲ್ಪ ನೆನಪಿನಲ್ಲಿಡಿ. 1962ರಲ್ಲಿ ಹೀಲಿಯಂ–ನಿಯಾನ್ ಲೇಸರ್ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಕೊಟ್ಟಿತು; ಅದರ ತರಂಗಾಂತರ 632.8 ನ್ಯಾನೋಮೀಟರ್. ಫ್ರೆನೆಲ್‌ನ ಕೆಂಪಿಗೆ ಇದು ಒಡಹುಟ್ಟಿದ ಬಣ್ಣ. ಆದರೆ ಗುಣದಲ್ಲಿ ಬೇರೆ. ಲೇಸರಿನ ಬೆಳಕನ್ನೆಲ್ಲ ಒಂದು ಬಿಂದುವಿನಿಂದ ಹೊರಟಂತೆ ಮಾಡಬಹುದು. ಹಾಗೆ ಮಾಡುವಾಗ ಸೀಳಿನಂತೆ ಏನನ್ನೂ ತಡೆದು ಬಿಸಾಡಬೇಕಾಗಿಲ್ಲ. ಹಾಗಾಗಿ ಪರದೆಯನ್ನು ಕೋಣೆಯ ಆಚೆ ಗೋಡೆಗೆ ಒಯ್ಯಬಹುದು. ಪರದೆ ದೂರ ಹೋದಷ್ಟೂ ಪಟ್ಟಿಗಳು ಅಗಲವಾಗುತ್ತವೆ. ಕೊನೆಗೆ ಅಳೆಯಲು ಶಾಲೆಯ ಹುಡುಗರ ಅಳತೆಪಟ್ಟಿಯೇ ಸಾಕಾಗುತ್ತದೆ. ಸೂಕ್ಷ್ಮದರ್ಶಕ ಮಾಡುವ ಕೆಲಸವನ್ನು ಕೋಣೆಯ ಉದ್ದ ಮಾಡಿಕೊಡುತ್ತದೆ.

ಒಂದು ಜೋಡಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹೀಲಿಯಂ–ನಿಯಾನ್ ಲೇಸರ್ ಮುಂದೆ ಕೆಲವೇ ಮಿಲಿಮೀಟರ್ ಸಂಗಮ ದೂರದ ಪುಟ್ಟ ಮಸೂರ ಇಡುತ್ತೇವೆ. ಲೇಸರಿನ ಕಡ್ಡಿಯಂಥ ಕಿರಣ ಒಂದು ಬಿಂದುವಿನಲ್ಲಿ ಕೂಡಿ, ಅಲ್ಲಿಂದ ಮುಂದೆ ಬೀಸಣಿಗೆಯಂತೆ ಹರಡುತ್ತದೆ. ಆ ಬಿಂದುವೇ ನಮ್ಮ ದೀಪ, ಫ್ರೆನೆಲ್‌ನ ಜೇನಹನಿ ಮಾಡಿಕೊಟ್ಟ ಬಿಂದುವಿನ ಹಾಗೆ. ಅದರಿಂದ 10 ಸೆಂ.ಮೀ. ಮುಂದೆ ಬೈಪ್ರಿಸಂ, ಏಣು ನೆಟ್ಟಗೆ ನಿಲ್ಲುವಂತೆ. ಬಿಂದುವಿನಿಂದ 3 ಮೀಟರ್ ದೂರದ ಗೋಡೆಯ ಮೇಲೆ ಗ್ರಾಫ್ ಹಾಳೆ. ಕೋಣೆಯ ದೀಪ ಆರಿಸಿದರೆ ಹಾಳೆಯ ಮೇಲೆ ಸುಮಾರು 25 ಮಿ.ಮೀ. ಅಗಲದ ಜಾಗದಲ್ಲಿ ಹನ್ನೊಂದು ಹನ್ನೆರಡು ಕೆಂಪು ಗೆರೆಗಳು ನಿಂತಿರುತ್ತವೆ. ಅದಕ್ಕಿಂತ ಹೆಚ್ಚು ಗೆರೆ ಯಾಕಿಲ್ಲ? ಎರಡು ಇಳಿಜಾರುಗಳಿಂದ ಬಂದ ಬೆಳಕು ಒಂದರ ಮೇಲೊಂದು ಬೀಳುವ ಜಾಗವೇ ಅಷ್ಟು. ಅಲ್ಲಿಗೆ ತಾನಾಗಿ ಬಂದು ಬಿದ್ದ ಬೆಳಕನ್ನಷ್ಟೇ ನೋಡಬೇಕು. ಲೇಸರ್ ಬೆಳಕನ್ನು ಕಣ್ಣುಮಸೂರದ ಮೂಲಕ ಎಂದೂ ನೋಡಬಾರದು, ಕಣ್ಣು ಹೋದೀತು.

ಒಂದೇ ಅಂತರವನ್ನು ಅಳೆದರೆ ಅಳತೆಪಟ್ಟಿಯ ಒರಟುತನವೆಲ್ಲ ಅದರ ಮೇಲೆ ಬೀಳುತ್ತದೆ. ಆದ್ದರಿಂದ ಕಪ್ಪು ಗೆರೆಗಳ ನಡುವನ್ನು ಚೂಪು ಪೆನ್ಸಿಲಿನಿಂದ ಗುರುತು ಮಾಡಿ, ದೀಪ ಹಾಕಿ, ಮೊದಲನೆಯದರಿಂದ ಹನ್ನೊಂದನೆಯದಕ್ಕೆ ಇರುವ ದೂರವನ್ನು ಅಳೆಯುವುದು ಜಾಣತನ. ಅದು 21.8 ಮಿ.ಮೀ. ಬಂದಿತೆನ್ನಿ. ಹತ್ತು ಅಂತರಗಳಿಗೆ ಅಷ್ಟು, ಒಂದಕ್ಕೆ 2.18 ಮಿ.ಮೀ.

ಇನ್ನು ಇಲ್ಲದ ದೀಪಗಳ ಸರದಿ. ಮುಟ್ಟಲಾಗದ್ದನ್ನು ಅಳೆಯುವ ಉಪಾಯ ಅದರ ಬಿಂಬವನ್ನು ಅಳೆಯುವುದು. ಬೈಪ್ರಿಸಂ ಆಚೆಗೆ 20 ಸೆಂ.ಮೀ. ಸಂಗಮ ದೂರದ ಪೀನ ಮಸೂರವನ್ನು ಇಟ್ಟು ಹಿಂದೆ ಮುಂದೆ ಸರಿಸಿದರೆ, ಒಂದು ಜಾಗದಲ್ಲಿ ಗೆರೆಗಳೆಲ್ಲ ಹೋಗಿ ಗ್ರಾಫ್ ಹಾಳೆಯ ಮೇಲೆ ಎರಡು ಚುಕ್ಕಿಗಳು ಚೂಪಾಗಿ ಮೂಡುತ್ತವೆ. ಮಿಥ್ಯಾ ಆಕರಗಳ ನಿಜವಾದ ಬಿಂಬಗಳು ಅವು. ಇಲ್ಲದ್ದು ಗೋಡೆಯ ಮೇಲೆ ಹೀಗೆ ಕಾಣಿಸಿಕೊಳ್ಳುವುದು ನನಗೆ ಈ ಪ್ರಯೋಗದ ಅತ್ಯಂತ ಸೊಗಸಿನ ಗಳಿಗೆ. ನಮ್ಮ ಜೋಡಣೆಯಲ್ಲಿ ಮಸೂರದಿಂದ ಗೋಡೆಗೆ 278.5 ಸೆಂ.ಮೀ. ಇದ್ದಾಗ ಹೀಗಾಗುತ್ತದೆ, ಚುಕ್ಕಿಗಳ ಅಂತರ 11.3 ಮಿ.ಮೀ.

ಮಸೂರ ಎಷ್ಟು ಪಟ್ಟು ದೊಡ್ಡದು ಮಾಡಿದೆ ಎಂಬುದು ಗೊತ್ತಾದರೆ ಮುಗಿಯಿತು. ಮಸೂರದಿಂದ ಗೋಡೆಯ ದೂರದಲ್ಲಿ ಸಂಗಮ ದೂರವನ್ನು ಕಳೆದು, ಉಳಿದದ್ದನ್ನು ಸಂಗಮ ದೂರದಿಂದಲೇ ಭಾಗಿಸಿದರೆ ಅದು ಸಿಗುತ್ತದೆ: 258.5ನ್ನು 20ರಿಂದ ಭಾಗಿಸಿದರೆ ಸುಮಾರು 12.9. ಅಂದರೆ ಆಕರಗಳ ನಿಜ ಅಂತರ 11.3ರಲ್ಲಿ 12.9ನೆಯ ಒಂದು ಪಾಲು, 0.874 ಮಿ.ಮೀ. ಈ ದಾರಿಯ ಲಾಭವೆಂದರೆ, ದೀಪದ ಬಿಂದು ಪುಟ್ಟ ಮಸೂರದ ಮುಂದೆ ಸರಿಯಾಗಿ ಎಲ್ಲಿದೆ ಎಂದು ಊಹಿಸುತ್ತಾ ಕೂರಬೇಕಿಲ್ಲ. ಪಠ್ಯಪುಸ್ತಕಗಳು ಮಸೂರವನ್ನು ಎರಡು ಜಾಗಗಳಲ್ಲಿಟ್ಟು, ಒಂದು ದೊಡ್ಡ ಮತ್ತು ಒಂದು ಚಿಕ್ಕ ಬಿಂಬವನ್ನು ಅಳೆದು, ಎರಡರ ಗುಣಲಬ್ಧದ ವರ್ಗಮೂಲ ತೆಗೆಯಲು ಹೇಳುತ್ತವೆ. ಸೋಡಿಯಂ ದೀಪ, ಕಣ್ಣುಮಸೂರಗಳ ಲೋಕಕ್ಕೆ ಅದು ಸರಿ. ಇಲ್ಲಿ ಆ ಚಿಕ್ಕ ಬಿಂಬದಲ್ಲಿ ಚುಕ್ಕಿಗಳ ಅಂತರ 0.07 ಮಿ.ಮೀ. ಮಾತ್ರ ಇರುತ್ತದೆ, ಅಳತೆಪಟ್ಟಿ ಹಿಡಿದವನಿಗೆ ಅದು ಒಂದೇ ಚುಕ್ಕಿ.

ಈಗ 2.18ನ್ನು 0.874ರಿಂದ ಗುಣಿಸಿ, 3000 ಮಿ.ಮೀ.ಯಿಂದ ಭಾಗಿಸಿದರೆ 0.000635 ಮಿ.ಮೀ. ಅಂದರೆ 635 ನ್ಯಾನೋಮೀಟರ್. ಗೋಡೆಯ ಮೇಲೆ ಬೆಳಕಿನ ಅಲೆ ಸುಮಾರು 3400 ಪಟ್ಟು ಹಿಗ್ಗಿ ಕಾಣಿಸಿಕೊಂಡಿದೆ.

632.8ಕ್ಕೆ ಇಷ್ಟು ಹತ್ತಿರ ಬಂತೆಂದು ಹಿಗ್ಗುವ ಮೊದಲು ಒಂದು ಮಾತು. ಹತ್ತು ಗೆರೆಗಳ ಅಳತೆಯಲ್ಲಿ ಮಿಲಿಮೀಟರಿನ ಮೂರನೆಯ ಒಂದು ಪಾಲು ಆಚೀಚೆಯಾಗುವುದು ಸಹಜ. ಅದೇ ಶೇಕಡ ಒಂದೂವರೆಯಷ್ಟು. ಚುಕ್ಕಿಗಳ ಅಳತೆಯಲ್ಲಿ ಕಾಲು ಮಿಲಿಮೀಟರಿಗೂ ಕಡಮೆ ತಪ್ಪಿದರೂ ಶೇಕಡ ಎರಡರ ಹತ್ತಿರ. ಕೂಡಿಸಿ ನೋಡಿದರೆ ಉತ್ತರ 635ರ ಆಚೀಚೆ 20 ನ್ಯಾನೋಮೀಟರ್ ಓಲಾಡಬಹುದು. ನಿಮ್ಮ ಕೈಯಲ್ಲಿರುವುದು 632.8ರ ಲೇಸರೋ, ಭಾಷಣಕಾರರು ಹಿಡಿಯುವ 650ರ ಕೆಂಪು ಲೇಸರೋ ಎಂದು ಈ ಅಳತೆ ಖಚಿತವಾಗಿ ಹೇಳಲಾರದು. ಹಸಿರಲ್ಲ, ಕೆಂಪು ಎಂದು ಧೈರ್ಯವಾಗಿ ಹೇಳುತ್ತದೆ. ಅಷ್ಟರಮಟ್ಟಿಗೆ ಫ್ರೆನೆಲ್ ತನ್ನ ಅಂಕಿಯನ್ನು ಮೂರನೆಯ ಸ್ಥಾನದವರೆಗೆ ಬರೆದದ್ದು ಬೆರಗಿನದು.

ತಪ್ಪುಗಳು ನುಸುಳುವ ಜಾಗಗಳು ಗುರುತಿನವೇ. ಹತ್ತು ಗೆರೆಗಳಿಗೆ ಒಂಬತ್ತೇ ಅಂತರ ಎಂಬುದನ್ನು ಮರೆತು ಹತ್ತರಿಂದ ಭಾಗಿಸಿದರೆ ಉತ್ತರ 571ರ ಹತ್ತಿರ ಬರುತ್ತದೆ. ಅದು ಹಳದಿಯ ಅಂಕಿ. ಗೋಡೆಯ ಮೇಲಿನ ಬೆಳಕು ಕೆಂಪು. ಇಂಥ ತಪ್ಪು ತಾನೇ ಕೂಗಿ ಹೇಳುತ್ತದೆ. ಮೋಸ ಮಾಡುವುದು ಇನ್ನೊಂದು: ಪರದೆಯ ದೂರವನ್ನು ದೀಪದ ಬಿಂದುವಿನಿಂದ ಅಳೆಯದೆ ಬೈಪ್ರಿಸಂನಿಂದ ಅಳೆಯುವುದು. ಆಗ 300ರ ಬದಲು 290 ಸೆಂ.ಮೀ., ಉತ್ತರ 657. ಕೈಯಲ್ಲಿರುವುದು 650ರ ಲೇಸರಾಗಿದ್ದಿದ್ದರೆ ಸರಿಯೆಂದೇ ತೋರುತ್ತಿತ್ತು. ಮಿಥ್ಯಾ ಆಕರಗಳು ಇರುವುದು ಗಾಜಿನಲ್ಲಲ್ಲ, ಅದರ ಹಿಂದೆ, ದೀಪದ ಬಿಂದುವಿನ ಅಕ್ಕಪಕ್ಕದಲ್ಲಿ ಎಂಬುದು ಮನಸ್ಸಿಗೆ ಇಳಿಯದಿದ್ದಾಗ ಈ ತಪ್ಪಾಗುತ್ತದೆ. ಹಾಗೆಯೇ ಪೀನ ಮಸೂರವನ್ನು ತಂದಿಡುವ ಭರದಲ್ಲಿ ಬೈಪ್ರಿಸಂ ಒಂದು ಸೆಂಟಿಮೀಟರ್ ಸರಿದರೂ ಆಕರಗಳ ಅಂತರ ಹತ್ತರಲ್ಲೊಂದು ಪಾಲು ಬದಲಾಗುತ್ತದೆ. ಗೆರೆಗಳನ್ನು ಅಳೆದಾಗ ಇದ್ದ ದೀಪಗಳೇ ಬೇರೆ, ಚುಕ್ಕಿಗಳಲ್ಲಿ ಕಂಡವೇ ಬೇರೆ ಎಂದಾಗುತ್ತದೆ.

ಲೇಸರಿನ ಬೆಳಕಿಗೆ ಅದರದೇ ಒಂದು ಚಾಳಿಯೂ ಇದೆ. ಮಸೂರದ ಮೇಲಿನ ಒಂದು ಧೂಳಿನ ಕಣವೂ ಗೋಡೆಯ ಮೇಲೆ ಉಂಗುರಗಳನ್ನು ಬರೆಯುತ್ತದೆ. ಯಾವುದು ನಿಜವಾದ ಪಟ್ಟಿ, ಯಾವುದು ಧೂಳಿನ ಆಟ ಎಂದು ಅನುಮಾನವಾದರೆ ಬೈಪ್ರಿಸಂ ಅನ್ನು ಅದರ ಸಮತಲದಲ್ಲೇ ತುಸು ತಿರುಗಿಸಿ. ನಿಜವಾದ ಪಟ್ಟಿಗಳು ಏಣಿನ ಜೊತೆ ಓರೆಯಾಗುತ್ತವೆ. ಪುಟ್ಟ ಮಸೂರದ ಧೂಳಿನ ಉಂಗುರಗಳು ಇದ್ದಲ್ಲೇ ಇರುತ್ತವೆ.

ಇಷ್ಟಕ್ಕೆ ದಾಖಲೆ ಪುಸ್ತಕ ಮುಚ್ಚಿ ಹೊರಡುವುದು ರೂಢಿ. ಫ್ರೆನೆಲ್ ಈ ಗಾಜನ್ನು ಯಾವ ಪ್ರಶ್ನೆಗಾಗಿ ಹಿಡಿದನೋ ಅದನ್ನು ಮಾತ್ರ ಯಾರೂ ಕೇಳಿರುವುದಿಲ್ಲ. ಕೇಳಲು ಒಂದು ರಟ್ಟಿನ ತುಂಡು ಸಾಕು. ಗೋಡೆಯ ಮೇಲೆ ನಡುವಿನ ಒಂದು ಕಪ್ಪು ಗೆರೆಯನ್ನು ಗುರುತಿಸಿಕೊಂಡು, ರಟ್ಟನ್ನು ಒಂದು ಬದಿಯಿಂದ ಬೈಪ್ರಿಸಂನ ಅರ್ಧ ಮುಚ್ಚುವಂತೆ ತನ್ನಿ. ಸಮ ಅಂತರದ ಗೆರೆಗಳು ಅಳಿಸಿಹೋಗುತ್ತವೆ. ಕತ್ತಲೆಯಿದ್ದ ಆ ಜಾಗ ಬೆಳಗುತ್ತದೆ. ಬರುತ್ತಿದ್ದ ಬೆಳಕಿನ ಅರ್ಧವನ್ನು ತಡೆದಿದ್ದೇವೆ, ಆದರೂ ಕತ್ತಲೆ ಬೆಳಕಾಗಿದೆ. ರಟ್ಟು ತೆಗೆದು ಇನ್ನಷ್ಟು ಬೆಳಕು ಬಿಟ್ಟರೆ ಅದೇ ಜಾಗ ಮತ್ತೆ ಕಪ್ಪು. ಹಾಗಾದರೆ ಆ ಬೆಳಕು ಎಲ್ಲಿಗೆ ಹೋಯಿತು? ಪಕ್ಕದ ಬೆಳಕಿನ ಗೆರೆಗೆ. ಅಲ್ಲಿನ ಹೊಳಪು ಒಂದೇ ದೀಪ ಕೊಡುವುದರ ಎರಡರಷ್ಟಲ್ಲ, ನಾಲ್ಕರಷ್ಟು. ಕಪ್ಪು ಗೆರೆ ಕಳೆದುಕೊಂಡದ್ದನ್ನು ಬೆಳಕಿನ ಗೆರೆ ಪಡೆದಿರುತ್ತದೆ. ಒಟ್ಟು ಲೆಕ್ಕ ಸರಿಹೋಗುತ್ತದೆ.

ಎದುರು ಪಕ್ಷದ ವಕೀಲನೊಬ್ಬ ಇಲ್ಲಿಯೂ ಎದ್ದು ನಿಲ್ಲಬಹುದು: ಬೈಪ್ರಿಸಂನ ಏಣೂ ಒಂದು ಅಂಚೇ ಅಲ್ಲವೆ? ಹೌದು, ಅಂಚೇ. ರಟ್ಟಿನಿಂದ ಅರ್ಧ ಮುಚ್ಚಿದಾಗ ಉಳಿಯುವ ಮಂದವಾದ ಅಲೆಅಲೆಯ ಹೊಳಪನ್ನು ಗಮನಿಸಿದರೆ ಏಣಿನ ಕೆಲಸ ಕಣ್ಣಿಗೆ ಬೀಳುತ್ತದೆ. ಬೆಳಕಿನ ಅಂಚಿನಿಂದ ಐದಾರು ಮಿಲಿಮೀಟರ್ ಒಳಗೆ ಒಂದು ಅಗಲವಾದ ಹೊಳಪು, ಅದರಾಚೆ ಸಾಲುಸಾಲಾಗಿ ಕಿರಿದಾಗುತ್ತಾ ಹೋಗುವ ಪಟ್ಟಿಗಳು. ಇದು ಅಂಚಿನ ವಿವರ್ತನೆ. ಬೈಪ್ರಿಸಂ ಪೂರ್ತಿ ತೆರೆದಿದ್ದಾಗಲೂ ಅದು ಇದ್ದೇ ಇರುತ್ತದೆ. ಗೆರೆಗಳ ಹೊಳಪು ಕೆಲವು ಕಡೆ ಹೆಚ್ಚು, ಕೆಲವು ಕಡೆ ಕಡಮೆ ಇರುವುದು ಅದರಿಂದಲೇ. ಆದ್ದರಿಂದಲೇ ಅಳೆಯುವಾಗ ಹೊಳಪನ್ನು ನಂಬದೆ ಕಪ್ಪು ಗೆರೆಯ ನಡುವನ್ನು ಹಿಡಿಯಬೇಕು. ಆದರೆ ಏಣು ಬರೆಯುವ ಪಟ್ಟಿಗಳು ಒಂದರಂತೆ ಒಂದಿಲ್ಲ, ಅವು ಉಳಿಯಲು ಇನ್ನೊಂದು ಅರ್ಧದ ಬೆಳಕೂ ಬೇಕಿಲ್ಲ. ಸಮ ಅಂತರದ ಗೆರೆಗಳಿಗೆ ಎರಡೂ ಅರ್ಧ ಬೇಕು. ಎರಡು ಬಗೆಯ ಗೆರೆಗಳು ಒಂದೇ ಗೋಡೆಯ ಮೇಲೆ, ಒಂದು ರಟ್ಟಿನ ಅಲುಗಾಟದಲ್ಲಿ, ಬೇರೆ ಬೇರೆಯಾಗಿ ನಿಂತುಬಿಡುತ್ತವೆ. ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಅದನ್ನು ಪ್ರಯೋಗದ ವಿಧಾನದಲ್ಲಿ ಸೇರಿಸದೆ ಇರುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.

ಫ್ರೆನೆಲ್ 1827ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ. ಅವನ ಗಾಜು ಇನ್ನೊಂದು ಅವತಾರ ಎತ್ತಿತು. 1950ರ ದಶಕದಲ್ಲಿ ಜರ್ಮನಿಯ ಮೋಲೆನ್‌ಸ್ಟೆಟ್ ಮತ್ತು ಡ್ಯೂಕರ್ ಎಲೆಕ್ಟ್ರಾನುಗಳಿಗೆ ಬೈಪ್ರಿಸಂ ಮಾಡಿದರು. ಅದರಲ್ಲಿ ಗಾಜಿಲ್ಲ. ಚಿನ್ನ ಲೇಪಿಸಿದ, ಕೂದಲಿಗಿಂತ ತೆಳುವಾದ ಒಂದು ಎಳೆಗೆ ಧನ ವಿದ್ಯುತ್ತು ಕೊಟ್ಟರೆ, ಅದರ ಎರಡೂ ಬದಿಯಲ್ಲಿ ಹಾಯುವ ಎಲೆಕ್ಟ್ರಾನುಗಳು ಒಳಕ್ಕೆ ಬಾಗಿ ಎರಡು ಮಿಥ್ಯಾ ಆಕರಗಳಿಂದ ಬಂದಂತೆ ಕೂಡುತ್ತವೆ. 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಇಂಥದೇ ಬೈಪ್ರಿಸಂ ಮೂಲಕ ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ಇರುವಂತೆ ಬಿಟ್ಟು ಚಿತ್ರ ತೆಗೆದರು. ಮೊದಮೊದಲು ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ, ರಾಗಿ ಚೆಲ್ಲಿದ ಹಾಗೆ. ಸಾವಿರಾರು ಚುಕ್ಕಿಗಳು ಬಿದ್ದ ಮೇಲೆ ಅವು ಗೆರೆಗಳಾಗಿ ಸಾಲುಗೂಡಿದವು, ಒಂದಕ್ಕೊಂದು ಸಮ ಅಂತರದಲ್ಲಿ.